ಬಣ್ಣ ಹಚ್ಚದ ಬೊಂಬೆ

ಈಚೆಗೆ ದೊಡ್ಡಮ್ಮನ ಮನೆಯ ಗೃಹಪ್ರವೇಶಕ್ಕೆ ಅಣ್ಣತಮ್ಮಂದಿರೆಲ್ಲ ಸೇರಿದ್ದೆವು. ಊಟ ಆದಮೇಲೆ ಮಾತು ಹಳೇ ಆಟಿಕೆಗಳ ಕಡೆ ತಿರುಗಿತು. ನಮ್ಮ ದೊಡ್ಡಣ್ಣನ ಹತ್ತಿರ ಜಿ.ಐ. ಜೋ ಬೊಂಬೆಗಳ ಒಂದು ಡಬ್ಬ ಇತ್ತು. ಬೆರಳುದ್ದದ ಸೈನಿಕರು. ಕೈಕಾಲು, ಸೊಂಟ ಎಲ್ಲ ತಿರುಗುತ್ತಿದ್ದವು. ಅದರಲ್ಲಿ ಯಾರ್ಯಾರಿದ್ದರು ಅಂತ ನೆನಪು ಮಾಡಿಕೊಳ್ಳಲು ಕೂತರೆ ಎಲ್ಲರ ಬಾಯಿಂದ ಮೊದಲು ಬಂದದ್ದು ಒಬ್ಬನೇ: 'ಆ ಕಪ್ಪು ಬಟ್ಟೆಯವನು, ತೋಳ ಇಟ್ಟುಕೊಂಡಿದ್ದನಲ್ಲ, ಅವನು.' ಸ್ನೇಕ್ ಐಸ್. ಇಡೀ ಪಡೆಯ ಮುಂದಾಳು ಡ್ಯೂಕ್‌ನ ಹೆಸರು ಯಾರಿಗೂ ಹೊಳೆಯಲಿಲ್ಲ. ನಾನೇ ಹೇಳಿದ ಮೇಲೂ 'ಯಾರೋ ಒಬ್ಬ ಇದ್ದ' ಅಂತ ಸುಮ್ಮನಾದರು.

ನನಗೆ ಇದು ತಲೆಯಲ್ಲಿ ಕೊರೆಯತೊಡಗಿತು. ಯಾಕೆಂದರೆ ಈ ಬೊಂಬೆಗಳ ಮೇಲೆ ಬಂದ ಟಿವಿ ಕಾರ್ಟೂನನ್ನು ನಾನು ದೊಡ್ಡವನಾದ ಮೇಲೆ ಇಂಟರ್ನೆಟ್‌ನಲ್ಲಿ ಕೂತು ಸರಿಯಾಗಿ ನೋಡಿದ್ದೇನೆ. ಅದರಲ್ಲಿ ಸ್ನೇಕ್ ಐಸ್‌ಗೆ ಅಂಥ ದೊಡ್ಡ ಪಾತ್ರವೇ ಇಲ್ಲ. ಅವನು ಮಾತಾಡುವುದಿಲ್ಲ. ಬಹಳ ಕಂತುಗಳಲ್ಲಿ ಗುಂಪಿನ ಹಿಂದೆ ನಿಂತಿರುತ್ತಾನೆ, ಇಲ್ಲವೇ ಕಾಣಿಸುವುದೇ ಇಲ್ಲ. ಆಜ್ಞೆ ಕೊಡುವುದು, ತಮಾಷೆ ಮಾಡುವುದು, ಕೊನೆಗೆ ಗೆಲ್ಲುವುದು ಎಲ್ಲ ಡ್ಯೂಕ್, ಫ್ಲಿಂಟ್, ಶಿಪ್‌ರೆಕ್, ಸ್ಕಾರ್ಲೆಟ್ ಇಂಥವರು. ಕಾರ್ಟೂನು ಮುಂದೆ ತಂದವರನ್ನು ನಾವು ಮರೆತೆವು, ಹಿಂದೆ ನಿಲ್ಲಿಸಿದವನನ್ನು ಇಟ್ಟುಕೊಂಡೆವು. ಅಮೆರಿಕದಲ್ಲಿ ಬೆಳೆದವರ ಕಥೆಯೂ ಹೆಚ್ಚುಕಡಿಮೆ ಇದೇ. ಜಿ.ಐ. ಜೋ ಅಂದರೆ ಅಲ್ಲಿಯೂ ಮೊದಲು ನೆನಪಾಗುವವರಲ್ಲಿ ಸ್ನೇಕ್ ಐಸ್ ಇದ್ದೇ ಇರುತ್ತಾನೆ. ಇದು ಹೇಗಾಯಿತು ಅಂತ ಹುಡುಕುತ್ತಾ ಹೋದರೆ ದಾರಿ ಕಾರ್ಟೂನಿನ ಕಡೆ ಹೋಗುವುದಿಲ್ಲ. ಆಟಿಕೆ ಕಾರ್ಖಾನೆಯ ಲೆಕ್ಕದ ಪುಸ್ತಕಕ್ಕೆ ಹೋಗುತ್ತದೆ.

ದುಡ್ಡು ಉಳಿಸಲು ಹುಟ್ಟಿದವನು

ಅಮೆರಿಕದ ಆಟಿಕೆ ಕಂಪನಿ ಹ್ಯಾಸ್ಬ್ರೊದ ಜಿ.ಐ. ಜೋ 1964ರಲ್ಲೇ ಬಂದದ್ದು. ಆಗ ಅದು ಒಂದಡಿ ಎತ್ತರದ ಬೊಂಬೆ, ಬಟ್ಟೆ ತೊಡಿಸಿ ಆಡುವಂಥದ್ದು. ಎಪ್ಪತ್ತರ ದಶಕದಲ್ಲಿ ಅದು ನಿಂತುಹೋಯಿತು. 1982ರಲ್ಲಿ ಹ್ಯಾಸ್ಬ್ರೊ ಅದೇ ಹೆಸರನ್ನು ಮತ್ತೆ ಎತ್ತಿಕೊಂಡಾಗ ಗಾತ್ರ ಹೆಚ್ಚುಕಡಿಮೆ ಮೂರನೇ ಒಂದು ಪಾಲಿಗೆ ಇಳಿದಿತ್ತು: ಮೂರೂಮುಕ್ಕಾಲು ಇಂಚು. ಕೆನ್ನರ್ ಕಂಪನಿಯ ಸ್ಟಾರ್ ವಾರ್ಸ್ ಬೊಂಬೆಗಳು ಆ ಗಾತ್ರದಲ್ಲಿ ಭರ್ಜರಿಯಾಗಿ ಹೋಗುತ್ತಿದ್ದವು. ಬೊಂಬೆ ಚಿಕ್ಕದಾದರೆ ಬೆಲೆ ಇಳಿಯುತ್ತದೆ, ಒಂದರ ಬದಲು ಹತ್ತು ಕೊಳ್ಳಬಹುದು, ಅವುಗಳಿಗೆ ಹೊಂದುವ ಜೀಪು, ಟ್ಯಾಂಕುಗಳನ್ನೂ ಮಾರಬಹುದು.

ಆದರೆ ಹತ್ತಾರು ಬೊಂಬೆಗಳನ್ನು ಒಟ್ಟಿಗೆ ಮಾರುಕಟ್ಟೆಗೆ ತರಲು ಬಂಡವಾಳ ಜಾಸ್ತಿ ಬೇಕು. ಪ್ಲಾಸ್ಟಿಕ್ ಬೊಂಬೆಯಲ್ಲಿ ದುಡ್ಡು ತಿನ್ನುವುದು ಮುಖ್ಯವಾಗಿ ಎರಡು. ಒಂದು, ಉಕ್ಕಿನ ಅಚ್ಚು. ತಲೆ, ಎದೆ, ತೋಳು, ಕಾಲು ಎಲ್ಲಕ್ಕೂ ಅಚ್ಚು ಕೊರೆಯಬೇಕು. ಎರಡು, ಬಣ್ಣ. ಪ್ಲಾಸ್ಟಿಕ್ಕಿಗೇ ಬೆರೆಸಿದ ಬಣ್ಣಕ್ಕೆ ಹೆಚ್ಚು ಖರ್ಚಿಲ್ಲ. ಆದರೆ ಅದರ ಮೇಲೆ ಕೂದಲು, ಹುಬ್ಬು, ಬೆಲ್ಟು, ಬೂಟು ಅಂತ ಬೇರೆ ಬೇರೆ ಬಣ್ಣ ಹಚ್ಚಬೇಕಾದರೆ ಪ್ರತಿಯೊಂದಕ್ಕೂ ಬೇರೆ ಮುಸುಕು ಇಟ್ಟು ಸ್ಪ್ರೇ ಮಾಡಬೇಕು. ಒಂದೊಂದು ಬಣ್ಣಕ್ಕೂ ಒಂದೊಂದು ಜೊತೆ ಕೈ ಕೆಲಸ ಮಾಡಬೇಕು. ಲಕ್ಷಗಟ್ಟಲೆ ಬೊಂಬೆಗೆ ಇದನ್ನು ಗುಣಿಸಿ ನೋಡಿ.

ಹೀಗಾಗಿ 1982ರ ಮೊದಲ ತಂಡದಲ್ಲಿ ಅಚ್ಚುಗಳನ್ನು ಹಂಚಿಕೊಂಡಿದ್ದಾರೆ. ಬ್ರೇಕರ್, ಕ್ಲಚ್, ರಾಕ್ ಆ್ಯಂಡ್ ರೋಲ್ ಮೂವರನ್ನೂ ಅಕ್ಕಪಕ್ಕ ಇಟ್ಟರೆ ತಿಳಿಯುತ್ತದೆ. ಮೂವರಿಗೂ ಅದೇ ಗಡ್ಡದ ತಲೆ. ಒಬ್ಬನ ಕೂದಲು ಕಂದು, ಒಬ್ಬನದು ಕಪ್ಪು, ಇನ್ನೊಬ್ಬನದು ಹೊಂಬಣ್ಣ. ಅಷ್ಟೇ ವ್ಯತ್ಯಾಸ. ಅಚ್ಚಿನಲ್ಲಿ ಹೀಗೆ ಉಳಿಸಿದ ಮೇಲೂ ಬಣ್ಣದ ಬಾಬ್ತಿನಲ್ಲಿ ಇನ್ನಷ್ಟು ಉಳಿಸಬೇಕಾಯಿತು. ಆಗ ಒಬ್ಬನಿಗೆ ಬಣ್ಣವನ್ನೇ ಹಚ್ಚುವುದು ಬೇಡ ಅಂತ ತೀರ್ಮಾನವಾಯಿತು. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು ಹಾಗೇ ಪ್ಯಾಕ್ ಮಾಡಿ ಕಳಿಸುವುದು. ಮುಖಕ್ಕೆ ಬಣ್ಣ ಹಚ್ಚುವಂತಿಲ್ಲ, ಆದ್ದರಿಂದ ಮುಖ ಕಾಣುವಂತಿಲ್ಲ. ಆದ್ದರಿಂದ ಮುಸುಕು. ಹಾಗೆ ಹುಟ್ಟಿದವನು ಸ್ನೇಕ್ ಐಸ್.

ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ಇಲ್ಲಿ ಕಥೆ ಮೊದಲು, ಬೊಂಬೆ ಆಮೇಲೆ ಅಲ್ಲ. ಬಣ್ಣದ ಖರ್ಚು ಮೊದಲು, ಮುಸುಕು ಆಮೇಲೆ, ಮುಸುಕಿನ ಹಿಂದೆ ಯಾರಿದ್ದಾನೆ ಅನ್ನುವ ಪ್ರಶ್ನೆ ಅದರ ಆಮೇಲೆ. ಮಕ್ಕಳು ಅಂಗಡಿಯಲ್ಲಿ ನೋಡಿದ್ದು ಹಸಿರು ಬಟ್ಟೆಯ, ಒಂದೇ ಥರದ ಸೈನಿಕರ ಸಾಲು. ಅದರ ನಡುವೆ ಅಡಿಯಿಂದ ಮುಡಿಯವರೆಗೆ ಕಪ್ಪಾದ ಒಬ್ಬ. ಕಂಪನಿಗೆ ಅವನು ಎಲ್ಲರಿಗಿಂತ ಅಗ್ಗದವನು. ಮಕ್ಕಳ ಕಣ್ಣಿಗೆ ಅವನು ಎಲ್ಲರಿಗಿಂತ ಬೇರೆಯವನು.

ರಟ್ಟಿನ ಹಿಂದಿನ ಚೀಟಿ

ಈ ಬೊಂಬೆಗಳನ್ನು ಒಂದು ದಪ್ಪ ರಟ್ಟಿಗೆ ಅಂಟಿಸಿ ಮಾರುತ್ತಿದ್ದರು. ರಟ್ಟಿನ ಮುಂದೆ ಹೆಕ್ಟರ್ ಗರಿಡೊ ಎಂಬ ಕಲಾವಿದ ಬಿಡಿಸಿದ ಚಿತ್ರ. ಹಿಂದೆ ಕತ್ತರಿಸಿ ಇಟ್ಟುಕೊಳ್ಳಲು ಒಂದು ಚೀಟಿ. ಸೈನ್ಯದ ಕಡತದಿಂದ ಕಿತ್ತ ಹಾಳೆಯ ಹಾಗೆ ಅದರಲ್ಲಿ ಆ ಸೈನಿಕನ ನಿಜವಾದ ಹೆಸರು, ಹುಟ್ಟಿದ ಊರು, ಏನು ಕೆಲಸ ಬಲ್ಲವನು, ಸ್ವಭಾವ ಹೇಗೆ, ಎಲ್ಲ ಇರುತ್ತಿತ್ತು. ಈ ಚೀಟಿಗಳನ್ನು ಬರೆದವರು ಲ್ಯಾರಿ ಹಾಮಾ. ಜಪಾನಿ ಮೂಲದ ಅಮೆರಿಕನ್. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದವರು, ಆಮೇಲೆ ಮಾರ್ವೆಲ್ ಕಾಮಿಕ್ಸ್‌ನಲ್ಲಿ ಸಂಪಾದಕರು. ಅಲ್ಲಿ ಜಿ.ಐ. ಜೋ ಕಾಮಿಕ್ ಬರೆಯುವಾಗ ಇಷ್ಟೊಂದು ಪಾತ್ರಗಳು ತಮಗೇ ಗೊಂದಲ ಆಗಬಾರದು ಅಂತ ಒಬ್ಬೊಬ್ಬರಿಗೂ ಒಂದು ಟಿಪ್ಪಣಿ ಬರೆದಿಟ್ಟುಕೊಂಡಿದ್ದರು. ಹ್ಯಾಸ್ಬ್ರೊದವರು ಅದನ್ನು ನೋಡಿ ರಟ್ಟಿನ ಹಿಂದೆ ಅಚ್ಚು ಹಾಕಿಸಿದರು.

ಹಾಮಾ ಸೈನ್ಯ ಕಂಡವರು, ಅದು ಚೀಟಿಗಳಲ್ಲಿ ಕಾಣುತ್ತದೆ. ಒಬ್ಬನಿಗೆ ರೇಡಿಯೋ ರಿಪೇರಿ ಗೊತ್ತು, ಒಬ್ಬ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವನು, ಒಬ್ಬ ಸಮುದ್ರದ ದಂಡೆಯಲ್ಲಿ ಬೆಳೆದವನು. ಒಂದೇ ಅಚ್ಚಿನ ತಲೆಗಳಿಗೆ ಬೇರೆ ಬೇರೆ ಊರು, ಬೇರೆ ಬೇರೆ ಮನಸ್ಸು ಕೊಟ್ಟದ್ದು ಈ ಚೀಟಿಯೇ. ಆದರೆ ಸ್ನೇಕ್ ಐಸ್‌ನ ಚೀಟಿಯಲ್ಲಿ ಹೆಸರಿನ ಜಾಗದಲ್ಲೂ ಊರಿನ ಜಾಗದಲ್ಲೂ ಒಂದೇ ಉತ್ತರ: ಗುಪ್ತ. ಕಾರ್ಖಾನೆ ಬಿಟ್ಟ ಖಾಲಿಯನ್ನು ಹಾಮಾ ತುಂಬಲಿಲ್ಲ. ಖಾಲಿಯನ್ನೇ ಅವನ ಗುಣ ಮಾಡಿದರು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ಹಾಮಾರ ಕಾಮಿಕ್ 1982ರ ಜೂನ್ ಸಂಚಿಕೆಯಿಂದ ಶುರುವಾಯಿತು. ಆಗ ಟಿವಿ ಕಾರ್ಟೂನ್ ಇರಲಿಲ್ಲ. ಅಮೆರಿಕದ ಟಿವಿಯಲ್ಲಿ ಆಟಿಕೆ ಜಾಹೀರಾತಿಗೆ ಕಟ್ಟುಪಾಡುಗಳಿದ್ದವು. ಮಕ್ಕಳಿಗೆ ಸುಳ್ಳು ಆಸೆ ಹುಟ್ಟಿಸಬಾರದು ಅಂತ ಅಂಥ ಜಾಹೀರಾತಿನಲ್ಲಿ ಅನಿಮೇಷನ್ ಭಾಗ ಕೆಲವೇ ಸೆಕೆಂಡು ಇರಬೇಕಿತ್ತು. ಉಳಿದ ಹೊತ್ತು ನಿಜವಾದ ಆಟಿಕೆಯನ್ನೇ ತೋರಿಸಬೇಕು. ಆದರೆ ಕಾಮಿಕ್ ಪುಸ್ತಕದ ಜಾಹೀರಾತಿಗೆ ಅಂಥ ನಿಯಮ ಯಾರೂ ಬರೆದಿರಲಿಲ್ಲ. ಟಿವಿಯಲ್ಲಿ ಕಾಮಿಕ್ಕಿನ ಜಾಹೀರಾತು ಹಾಕುವ ಯೋಚನೆಯೇ ಯಾರಿಗೂ ಬಂದಿರಲಿಲ್ಲ. ಹ್ಯಾಸ್ಬ್ರೊ ಈ ಸಂದಿಯಲ್ಲಿ ನುಗ್ಗಿತು. ಕಾಮಿಕ್ಕಿನ ಹೆಸರಲ್ಲಿ ಪೂರ್ತಿ ಅನಿಮೇಷನ್ ಜಾಹೀರಾತು ಮಾಡಿಸಿತು, ಹಾಡಿನ ಸಮೇತ. ಮಕ್ಕಳು ನೋಡಿದ್ದು ಓಡುವ, ಹಾರುವ, ಗುಂಡು ಹಾರಿಸುವ ಜಿ.ಐ. ಜೋಗಳನ್ನು. ಹೆಸರಿಗೆ ಮಾರುತ್ತಿದ್ದದ್ದು ಕಾಮಿಕ್ಕು. ಮಾರಾಟವಾದದ್ದು ಕಾಮಿಕ್ಕೂ ಹೌದು, ಬೊಂಬೆಯೂ ಹೌದು. ಆ ಜಾಹೀರಾತು ಮಾಡಿದ ಏಜೆನ್ಸಿಯ ಸನ್‌ಬೋ ಕಂಪನಿಯೇ ಮುಂದೆ ಮಾರ್ವೆಲ್ ಪ್ರೊಡಕ್ಷನ್ಸ್ ಜೊತೆ ಸೇರಿ ಟಿವಿ ಸರಣಿಯನ್ನೂ ಮಾಡಿತು. 1983ರಲ್ಲಿ ಐದು ಕಂತು, 1984ರಲ್ಲಿ ಇನ್ನೈದು, 1985ರಲ್ಲಿ ದಿನಾ ಬರುವ ಸರಣಿ. ಅಷ್ಟರಲ್ಲಿ ರೇಗನ್ ಸರ್ಕಾರದ ಕಾಲದ ಪ್ರಸಾರ ಆಯೋಗ ಮಕ್ಕಳ ಕಾರ್ಯಕ್ರಮದ ಮೇಲಿನ ಹಳೇ ಹಿಡಿತವನ್ನು ಸಡಿಲಿಸಿತ್ತು. 1969ರಲ್ಲಿ ಹಾಟ್ ವ್ಹೀಲ್ಸ್ ಕಾರುಗಳ ಮೇಲೆ ಕಾರ್ಟೂನು ಬಂದಾಗ 'ಇದು ಕಾರ್ಯಕ್ರಮ ಅಲ್ಲ, ಜಾಹೀರಾತು' ಅಂತ ತಕರಾರು ಎದ್ದಿತ್ತು, ಆಯೋಗ ಅದನ್ನು ಒಪ್ಪಿಯೂ ಇತ್ತು. ಎಂಬತ್ತರ ದಶಕದಲ್ಲಿ ಆ ತಡೆ ಉಳಿಯಲಿಲ್ಲ.

ಹಾಗಾಗಿ ಕ್ರಮ ಹೀಗಿತ್ತು: ಬೊಂಬೆ, ಚೀಟಿ, ಕಾಮಿಕ್ಕು, ಜಾಹೀರಾತು, ಎಲ್ಲಕ್ಕಿಂತ ಕೊನೆಗೆ ಕಾರ್ಟೂನು. ಕಾರ್ಟೂನು ಬರುವ ಹೊತ್ತಿಗೆ ಮಕ್ಕಳ ಮನಸ್ಸಿನಲ್ಲಿ ಒಂದು ಜಾಗ ಆಗಲೇ ಭರ್ತಿಯಾಗಿತ್ತು.

ಮಾತಿಲ್ಲದ ಸಂಚಿಕೆ

ಕಾರ್ಟೂನು ಬರೆಯುವವರಿಗೆ ಮೂಗ ಒಂದು ತೊಂದರೆ. ಇಪ್ಪತ್ತೆರಡು ನಿಮಿಷದ ಕಂತಿನಲ್ಲಿ ಕಥೆ ಓಡುವುದೇ ಮಾತಿನಿಂದ. ಜೊತೆಗೆ ಪ್ರತಿ ವರ್ಷ ಹೊಸ ಬೊಂಬೆಗಳ ಪಟ್ಟಿ ಬರುತ್ತದೆ, ಅವರನ್ನೆಲ್ಲ ತೆರೆಯ ಮೇಲೆ ತಂದು ಹೆಸರು ಹೇಳಿಸಬೇಕು. ಇಂಥದರಲ್ಲಿ ಬಾಯಿ ಬಿಡದವನಿಗೆ ಜಾಗ ಎಲ್ಲಿ? 1983ರ ಐದು ಕಂತುಗಳಲ್ಲಿ ಮಾತ್ರ ಅವನಿಗೆ ಒಂದು ಒಳ್ಳೇ ಪಾಲು ಸಿಕ್ಕಿತು. ಉಳಿದವರನ್ನು ಕಾಪಾಡಲು ಅವನು ವಿಕಿರಣ ತುಂಬಿದ ಜಾಗದಲ್ಲಿ ತನ್ನನ್ನೇ ಮುಚ್ಚಿಕೊಳ್ಳುತ್ತಾನೆ. ಸತ್ತೇ ಹೋದ ಅಂದುಕೊಂಡರೆ ಹಿಮದಲ್ಲಿ ನಡೆದುಕೊಂಡು ಬರುತ್ತಾನೆ, ಜೊತೆಗೆ ಒಂದು ತೋಳ. ಆಮೇಲೆ ಅವನು ನಿಧಾನವಾಗಿ ಹಿಂದೆ ಸರಿದ.

ಕಾಮಿಕ್ಕಿನಲ್ಲಿ ಹಾಮಾ ಇದಕ್ಕೆ ತದ್ವಿರುದ್ಧ ಮಾಡಿದರು. 1984ರ ಮಾರ್ಚ್ ತಿಂಗಳ 21ನೇ ಸಂಚಿಕೆಯಲ್ಲಿ ಒಂದೇ ಒಂದು ಮಾತಿಲ್ಲ. ಮಾತಿನ ಗುಳ್ಳೆಯೂ ಇಲ್ಲ, ಸದ್ದಿನ ಅಕ್ಷರವೂ ಇಲ್ಲ. ಮೊದಲಿಂದ ಕೊನೆವರೆಗೆ ಬರೀ ಚಿತ್ರ. ಶತ್ರುಗಳ ಕೋಟೆಯಲ್ಲಿ ಸ್ಕಾರ್ಲೆಟ್ ಸೆರೆಯಾಗಿದ್ದಾಳೆ. ಸ್ನೇಕ್ ಐಸ್ ಒಬ್ಬನೇ ಆಕಾಶದಿಂದ ಇಳಿದು ಗೋಡೆ ಹತ್ತುತ್ತಾನೆ. ಒಳಗೆ ಬಿಳಿ ಬಟ್ಟೆಯ ಹೊಸ ಶತ್ರು ಸ್ಟಾರ್ಮ್ ಶ್ಯಾಡೋ ಕಾದಿದ್ದಾನೆ. ಕೊನೆಯ ಪುಟದಲ್ಲಿ ಹರಿದ ಅಂಗಿತೋಳಿನ ಕೆಳಗೆ ಸ್ನೇಕ್ ಐಸ್‌ನ ಮುಂಗೈ ಕಾಣುತ್ತದೆ, ಅದರ ಮೇಲೊಂದು ಹಚ್ಚೆ. ಆ ಬಿಳಿ ಬಟ್ಟೆಯವನ ಕೈಯಲ್ಲೂ ಅದೇ ಹಚ್ಚೆ ಇತ್ತು. ಇಬ್ಬರಿಗೂ ಏನು ಸಂಬಂಧ? ಅದನ್ನು ಹೇಳಲು ಹಾಮಾ ಮುಂದೆ ಹಲವು ಸಂಚಿಕೆ ತೆಗೆದುಕೊಂಡರು. 26, 27ನೇ ಸಂಚಿಕೆಗಳಲ್ಲಿ ಅವನ ಹಿಂದಿನ ಕಥೆ ಬಂತು. ಹೆಲಿಕಾಪ್ಟರ್ ಅಪಘಾತದಲ್ಲಿ ಸ್ಕಾರ್ಲೆಟ್‌ಳನ್ನು ಬಿಡಿಸಲು ಹೋಗಿ ಮುಖ ಸುಟ್ಟುಕೊಂಡ, ದನಿ ಕಳೆದುಕೊಂಡ.

ಬಣ್ಣದ ಖರ್ಚಿಗೆ ಹಾಕಿದ ಮುಸುಕಿಗೆ ಎರಡು ವರ್ಷ ಆದಮೇಲೆ ಒಂದು ಕಾರಣ ಸಿಕ್ಕಿತು. ಇಷ್ಟು ಚೆನ್ನಾಗಿ ಕೂಡಿಬಂದದ್ದಕ್ಕೆ ಹಾಮಾರ ಬರವಣಿಗೆಯ ತಾಕತ್ತೇ ಕಾರಣ ಅಂತ ನಾನು ನಂಬಿದ್ದೇನೆ. ಆಟಿಕೆ ಮಾರಲು ಬರೆದ ಕಥೆ ಅಂದಕೂಡಲೇ ಕೀಳಾಗಿ ನೋಡುವವರಿದ್ದಾರೆ. ಆ 21ನೇ ಸಂಚಿಕೆಯನ್ನು ಮಾತು ಬಾರದ ಮಗುವೂ ಓದಬಹುದು. ಇಂಗ್ಲಿಷ್ ಬಾರದ ನಮ್ಮೂರ ಹುಡುಗನೂ ಓದಬಹುದು. ಅದು ಸಣ್ಣ ಕೆಲಸವಲ್ಲ.

ನಮ್ಮ ಡಬ್ಬ

ಭಾರತಕ್ಕೆ ಈ ಬೊಂಬೆಗಳು ಬಂದ ದಾರಿ ಬೇರೆ. ಎಂಆರ್‌ಎಫ್ ಮತ್ತು ಹ್ಯಾಸ್ಬ್ರೊ ಸೇರಿ 1987ರಲ್ಲಿ ಫನ್‌ಸ್ಕೂಲ್ ಶುರು ಮಾಡಿದವು. ಗೋವಾದ ಕಾರ್ಖಾನೆಯಲ್ಲಿ ಬೊಂಬೆಗಳು ತಯಾರಾದವು. ಅಮೆರಿಕದಲ್ಲಿ ಬಳಸಿ ಆದ ಅಚ್ಚುಗಳು ಇಲ್ಲಿಗೆ ಬರುತ್ತಿದ್ದವು. ಪ್ಲಾಸ್ಟಿಕ್ಕಿನ ಬಣ್ಣ ಅಲ್ಲಿಯದಕ್ಕಿಂತ ಎಷ್ಟೋ ಸಲ ಬೇರೆಯೇ ಇರುತ್ತಿತ್ತು. ಯಾವ ಅಚ್ಚು ಬಂತೋ ಆ ಪಾತ್ರ ನಮಗೆ ಸಿಕ್ಕಿತು. ಬಾರದ ಅಚ್ಚಿನ ಪಾತ್ರ ನಮ್ಮ ಪಾಲಿಗೆ ಹುಟ್ಟಲೇ ಇಲ್ಲ.

ದೊಡ್ಡಣ್ಣನ ಡಬ್ಬದಲ್ಲಿ ಇದ್ದವು ಹೆಚ್ಚಿನವು ಫನ್‌ಸ್ಕೂಲಿನವು. ಸ್ನೇಕ್ ಐಸ್ ಮಾತ್ರ ಅಮೆರಿಕದಿಂದ ಮಾವ ತಂದುಕೊಟ್ಟದ್ದು. 1985ರ ಎರಡನೇ ಅಚ್ಚು: ಕಣ್ಣಿಗೆ ಅಡ್ಡ ಪಟ್ಟಿಯ ಮುಖವಾಡ, ಬೆನ್ನಿಗೆ ಕತ್ತಿ, ಪಕ್ಕದಲ್ಲಿ ಬೂದು ಬಣ್ಣದ ತೋಳ ಟಿಂಬರ್. ಅಣ್ಣ ರಟ್ಟನ್ನು ಕತ್ತರಿಸಿ ಚೀಟಿಯನ್ನು ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದ. ಬೇಸಿಗೆ ರಜೆಯಲ್ಲಿ ಮೈಸೂರಿಗೆ ಹೋದಾಗ ನಾವು ಹಜಾರದ ನೆಲದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದೆವು.

'ಇವನ ಮುಖ ಹೆಂಗಿದೆ ಅಣ್ಣಾ?' ಅಂತ ನಾನು ಕೇಳಿದ್ದೆ.

'ಯಾರೂ ನೋಡಿಲ್ಲ ಕಣೋ. ಚೀಟೀಲೂ ಬರ್ದಿಲ್ಲ.'

'ಮತ್ತೆ ಅವನ ಹೆಸ್ರು?'

'ಅದೂ ಹೇಳಲ್ಲ. ನೀನೇ ಒಂದು ಇಟ್ಕೋ.'

ಹಾಗೆ ಅವನಿಗೆ ನಾನು ಹೆಸರಿಟ್ಟೆ, ಊರು ಕೊಟ್ಟೆ. ಚಿಕ್ಕಮಗಳೂರ ಕಡೆ ಕಾಡಿನಲ್ಲಿ ಆ ತೋಳ ಸಿಕ್ಕಿದ್ದು ಅಂತ ಕಥೆ ಕಟ್ಟಿದೆ. ಉಳಿದ ಬೊಂಬೆಗಳಿಗೆ ಹಾಗೆ ಮಾಡಲು ಬರುತ್ತಿರಲಿಲ್ಲ. ಅವರ ಮುಖದಲ್ಲಿ ಬಿಳಿ ಚರ್ಮ, ಹೊಂಬಣ್ಣದ ಕೂದಲು ಇತ್ತು. ಅವರು ಎಲ್ಲಿಯವರು ಅಂತ ನೋಡಿದರೇ ತಿಳಿಯುತ್ತಿತ್ತು. ಮುಸುಕಿನವನು ಮಾತ್ರ ಯಾರು ಬೇಕಾದರೂ ಆಗಬಹುದಿತ್ತು. ಕಾರ್ಟೂನನ್ನು ಸರಿಯಾಗಿ ನೋಡದ ಮಕ್ಕಳಿಗೆ ಇದು ಇನ್ನೂ ಹೆಚ್ಚು ನಿಜ. ಡ್ಯೂಕ್ ಯಾಕೆ ದೊಡ್ಡವನು ಅಂತ ತಿಳಿಯಲು ಕಾರ್ಟೂನು ಬೇಕು. ಸ್ನೇಕ್ ಐಸ್‌ಗೆ ಅದು ಬೇಕಿಲ್ಲ.

ಈ ಬೊಂಬೆಗಳಿಗೆ ಒಂದು ದೌರ್ಬಲ್ಯ ಇತ್ತು. ಎದೆಯ ಮುಂಭಾಗ, ಹಿಂಭಾಗ ಎರಡನ್ನೂ ಬೆನ್ನಲ್ಲಿರುವ ಒಂದು ಸ್ಕ್ರೂ ಹಿಡಿದಿರುತ್ತದೆ. ಒಳಗೆ ಒಂದು ಕಪ್ಪು ರಬ್ಬರ್ ಉಂಗುರ. ಅದು ಕಾಲುಗಳ ನಡುವಿನ ಲೋಹದ ಕೊಕ್ಕೆಯನ್ನು ಎದೆಗೆ ಎಳೆದು ಹಿಡಿದಿರುತ್ತದೆ. ಸೊಂಟ ತಿರುಗುವುದು ಅದರಿಂದಲೇ. ಕೆಲವು ವರ್ಷಕ್ಕೆ ರಬ್ಬರು ಒಣಗಿ ತುಂಡಾಗುತ್ತದೆ. ಬೊಂಬೆ ಸೊಂಟದಲ್ಲಿ ಎರಡಾಗಿ ಬೀಳುತ್ತದೆ. ನಾವು ತೆಂಗಿನಕಾಯಿ ಕೆತ್ತುವವರಷ್ಟೇ ಗಂಭೀರವಾಗಿ ಕೂತು ಸಣ್ಣ ಸ್ಕ್ರೂಡ್ರೈವರಿನಿಂದ ಬೆನ್ನು ಬಿಚ್ಚಿ, ಬಳೆ ಪೆಟ್ಟಿಗೆಯ ರಬ್ಬರ್ ಬ್ಯಾಂಡನ್ನು ಎರಡು ಸುತ್ತು ಹಾಕಿ ಜೋಡಿಸುತ್ತಿದ್ದೆವು. ಸಡಿಲವಾದರೆ ಬೊಂಬೆ ನಿಲ್ಲದೆ ತೂಗಾಡುತ್ತದೆ. ಬಿಗಿಯಾದರೆ ಕಾಲ ನಡುವಿನ ತೆಳುವಾದ ಪ್ಲಾಸ್ಟಿಕ್ ತುಂಡು ಬಿರುಕು ಬಿಡುತ್ತದೆ. ಅದು ಮುರಿದರೆ ಮತ್ತೆ ಸರಿಯಾಗುವುದಿಲ್ಲ, ಇನ್ನೊಂದು ಬೊಂಬೆಯ ಸೊಂಟವನ್ನೇ ತಂದು ಹಾಕಬೇಕು. ಯಾರ ಸೊಂಟ ತೆಗೆಯುವುದು ಅನ್ನುವ ಪ್ರಶ್ನೆ ಬಂದಾಗಲೇ ಯಾರು ಮುಖ್ಯ ಅಂತ ತೀರ್ಮಾನವಾಗುತ್ತಿತ್ತು. ಸ್ನೇಕ್ ಐಸ್ ಉಳಿಯಲು ಇನ್ನಿಬ್ಬರು ಬಿಡಿಭಾಗವಾದರು. ಆ ಇಬ್ಬರ ಹೆಸರು ಈಗ ನಮ್ಮಲ್ಲಿ ಯಾರಿಗೂ ನೆನಪಿಲ್ಲ.

ದಾಸ್ತಾನು ಮತ್ತು ಅಪ್ಪ

ಕಾರ್ಟೂನಿಗೆ ಶಕ್ತಿಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅದೇ ಹ್ಯಾಸ್ಬ್ರೊ ಕಂಪನಿಯ ಟ್ರಾನ್ಸ್‌ಫಾರ್ಮರ್ಸ್ ಕಥೆ ನೋಡಿ. ಜಪಾನಿನ ಟಕಾರಾ ಕಂಪನಿಯ ರೂಪ ಬದಲಿಸುವ ರೋಬೋಗಳನ್ನು ತಂದು 1984ರಲ್ಲಿ ಹೊಸ ಹೆಸರಿಟ್ಟು ಮಾರಿದರು. ಹೆಚ್ಚಿನ ಪಾತ್ರಗಳಿಗೆ ಹೆಸರು, ಗುಣ ಬರೆದುಕೊಟ್ಟವರು ಮಾರ್ವೆಲ್‌ನ ಬಾಬ್ ಬುಡಿಯಾನ್ಸ್ಕಿ. ನಾಯಕ ಆಪ್ಟಿಮಸ್ ಪ್ರೈಮ್‌ಗೆ ಪೀಟರ್ ಕಲ್ಲೆನ್ ದನಿ ಕೊಟ್ಟರು. ನಿಧಾನವಾದ, ಭಾರವಾದ, ಎಂದೂ ಕಿರುಚದ ದನಿ. ಕಂಪನಿಯ ಲೆಕ್ಕದಲ್ಲಿ ಅವನು 1984ರ ಒಂದು ಲಾರಿ. 1986ಕ್ಕೆ ಹೊಸ ಆಟಿಕೆ ಬರಬೇಕು, ಹಳೆಯವು ಅಂಗಡಿಯಿಂದ ಇಳಿಯಬೇಕು. ಹಾಗಾಗಿ ಆ ವರ್ಷದ ಆಗಸ್ಟಿನಲ್ಲಿ ಬಂದ ಸಿನಿಮಾದಲ್ಲಿ ಹಳೇ ರೋಬೋಗಳನ್ನು ಸಾಲುಸಾಲಾಗಿ ಸಾಯಿಸಿದರು. ಆಪ್ಟಿಮಸ್ ಪ್ರೈಮ್ ಕೂಡ ಸತ್ತ. ಚಿತ್ರಮಂದಿರದಲ್ಲಿ ಮಕ್ಕಳು ಅತ್ತರು. ಪತ್ರಗಳು ಬಂದವು. 1987ರ ಆರಂಭದಲ್ಲಿ ಎರಡು ಕಂತುಗಳಲ್ಲಿ ಅವನನ್ನು ಬದುಕಿಸಿ ತರಬೇಕಾಯಿತು.

ಇಲ್ಲಿ ಗೆದ್ದದ್ದು ದನಿ. ಆ ದನಿ ಮಕ್ಕಳಿಗೆ ಅಪ್ಪನ ದನಿಯಾಗಿ ಕೇಳಿಸಿತ್ತು. ಕಂಪನಿ ದಾಸ್ತಾನು ಖಾಲಿ ಮಾಡುತ್ತಿದ್ದೇನೆ ಅಂದುಕೊಂಡಿತ್ತು, ಮಕ್ಕಳ ಕಣ್ಣಿಗೆ ಒಂದು ಮನೆಯ ಯಜಮಾನ ಹೋದ. ಈ ಪೆಟ್ಟು ಜಿ.ಐ. ಜೋಗೂ ತಟ್ಟಿತು. 1987ರ ಜಿ.ಐ. ಜೋ ಸಿನಿಮಾದಲ್ಲಿ ಡ್ಯೂಕ್‌ನನ್ನು ಸಾಯಿಸುವುದಾಗಿ ಬರೆದಿದ್ದರು. ಎದೆಗೆ ಏಟು ಬಿದ್ದು ಅವನು ಒರಗುವ ದೃಶ್ಯವೂ ತಯಾರಾಗಿತ್ತು. ಆಪ್ಟಿಮಸ್ ಗಲಾಟೆ ಆದಮೇಲೆ ಚಿತ್ರವನ್ನು ಹಾಗೇ ಬಿಟ್ಟು ಮಾತು ಮಾತ್ರ ಬದಲಿಸಿದರು. 'ಕೋಮಾಗೆ ಹೋಗಿದ್ದಾನೆ' ಅಂತ ಒಂದು ಸಾಲು. ಕೊನೆಯಲ್ಲಿ 'ಎಚ್ಚರ ಆಯಿತು' ಅಂತ ಇನ್ನೊಂದು ಸಾಲು. ಆ ದೃಶ್ಯವನ್ನು ಈಗ ನೋಡಿದರೆ ಎಲ್ಲರ ಮುಖದಲ್ಲೂ ಸಾವಿನ ದುಃಖ ಇದೆ, ಮಾತಿನಲ್ಲಿ ಮಾತ್ರ ಇಲ್ಲ. ಡ್ಯೂಕ್ ಸತ್ತಿದ್ದರೆ ಬಹುಶಃ ನಮಗೆಲ್ಲ ಅವನ ಹೆಸರು ನೆನಪಿರುತ್ತಿತ್ತು.

ಅಂಗಡಿಯಲ್ಲಿ ಇಲ್ಲದವಳು

ನೆನಪಿಗೂ ಅಂಗಡಿಯ ಕಪಾಟಿಗೂ ಇನ್ನೊಂದು ನಂಟಿದೆ, ನನಗೆ ಅದೇ ಎಲ್ಲಕ್ಕಿಂತ ಹೆಚ್ಚು ಬೇಜಾರು ತರಿಸುವುದು. ಸ್ನೇಕ್ ಐಸ್ ಮಕ್ಕಳಿಗೆ ಹಿಡಿಸಿದ ಅಂತ ಗೊತ್ತಾದ ಮೇಲೆ ಕಂಪನಿ ಅವನನ್ನು ಕಪಾಟಿನಿಂದ ಇಳಿಯಲು ಬಿಡಲಿಲ್ಲ. 1982, 1985, 1989, 1991, 1993. ಪ್ರತಿ ಸಲವೂ ಹೊಸ ಅಚ್ಚು. ಎಂಬತ್ತೆರಡರಲ್ಲಿ ಆಡಿದ ಅಣ್ಣನಿಗೂ ತೊಂಬತ್ತೊಂದರಲ್ಲಿ ಆಡಿದ ತಮ್ಮನಿಗೂ ಅವನು ಸಿಕ್ಕ. ಒಂದು ಪಾತ್ರ ಹತ್ತು ವರ್ಷ ಅಂಗಡಿಯಲ್ಲಿದ್ದರೆ ಅದು ಎರಡು ಮೂರು ತಂಡದ ಮಕ್ಕಳ ನೆನಪಾಗುತ್ತದೆ. ಅವನನ್ನು ನಾವು ಆರಿಸಿಕೊಂಡೆವು ಅನ್ನುವುದು ನಿಜ. ಅವನನ್ನು ಮತ್ತೆ ಮತ್ತೆ ನಮ್ಮ ಮುಂದೆ ಇಟ್ಟರು ಅನ್ನುವುದೂ ಅಷ್ಟೇ ನಿಜ.

ಈಗ ಸ್ಕಾರ್ಲೆಟ್ ಕಡೆ ಬನ್ನಿ. ಅವಳೂ 1982ರ ಮೊದಲ ತಂಡದವಳು. ಆ ತಂಡದ ಒಬ್ಬಳೇ ಹೆಣ್ಣು. ಅವಳ ತಲೆ, ಮೈ ಬೇರೆಯವರಿಗೆ ಹಂಚಲು ಬರುವುದಿಲ್ಲ, ಅಂದರೆ ಕಂಪನಿಗೆ ಅವಳು ದುಬಾರಿ. ಕಾರ್ಟೂನಿನಲ್ಲಿ ಅವಳು ಮೊದಲಿಂದಲೂ ಮುಂದಿನ ಸಾಲಿನಲ್ಲಿದ್ದಾಳೆ. ಕಾಮಿಕ್ಕಿನಲ್ಲಿ ಸ್ನೇಕ್ ಐಸ್‌ನ ಕಥೆಯಲ್ಲಿ ಅವಳಿಗೆ ದೊಡ್ಡ ಪಾಲಿದೆ. ಕಾರ್ಟೂನಿನಲ್ಲಂತೂ ಅವನಿಗಿಂತ ಅವಳಿಗೇ ಹೆಚ್ಚು ಮಾತು, ಹೆಚ್ಚು ನಿಮಿಷ ಸಿಕ್ಕಿದೆ. ಆದರೆ ಆ ಮೊದಲ ಬೊಂಬೆ ಅಂಗಡಿಯಿಂದ ಹೋದಮೇಲೆ ಅವಳ ಎರಡನೇ ಬೊಂಬೆ ಬಂದದ್ದು 1993ರಲ್ಲಿ. ನಡುವೆ ಸ್ನೇಕ್ ಐಸ್‌ಗೆ ಮೂರು ಸಲ ಹೊಸ ಅಚ್ಚು ಕೊರೆದಿದ್ದರು. 1985ರ ದಿನನಿತ್ಯದ ಕಾರ್ಟೂನಿನಲ್ಲಿ ಅವಳನ್ನು ನೋಡಿ ಅಂಗಡಿಗೆ ಓಡಿದ ಹುಡುಗಿಗೆ ಅವಳು ಸಿಗುವ ಹಾಗಿರಲಿಲ್ಲ. ಬೇರೆ ಹೆಣ್ಣು ಬೊಂಬೆಗಳು ಬಂದವು, ಕವರ್ ಗರ್ಲ್, ಬ್ಯಾರನೆಸ್, ಲೇಡಿ ಜೇ. ಹೆಚ್ಚುಕಡಿಮೆ ವರ್ಷಕ್ಕೊಬ್ಬಳು, ಬಂದಷ್ಟೇ ಬೇಗ ಹೋದಳು. ಆಟಿಕೆ ವ್ಯಾಪಾರದಲ್ಲಿ ಹುಡುಗರು ಹೆಣ್ಣು ಬೊಂಬೆ ಕೊಳ್ಳುವುದಿಲ್ಲ ಅನ್ನುವ ನಂಬಿಕೆ ಗಟ್ಟಿಯಾಗಿತ್ತು. ಇಲ್ಲದ್ದನ್ನು ಯಾರು ಕೊಳ್ಳುತ್ತಾರೆ?

ನಮ್ಮ ಡಬ್ಬದಲ್ಲಿ ಒಬ್ಬಳೂ ಇರಲಿಲ್ಲ. ಗೃಹಪ್ರವೇಶದ ದಿನ ನನ್ನ ಚಿಕ್ಕಮ್ಮನ ಮಗಳು ಒಂದು ಮಾತು ಹೇಳಿದಳು. ಅವಳೂ ಆ ರಜೆಗಳಲ್ಲಿ ನಮ್ಮ ಜೊತೆ ಕೂತು ಆಡಿದವಳು. 'ನಂಗೆ ಯಾವಾಗ್ಲೂ ಆ ತೋಳ ಕೊಡ್ತಿದ್ರಿ ಕಣ್ರೋ' ಅಂದಳು. ನಿಜ, ಕೊಡುತ್ತಿದ್ದೆವು. ಕೊಡಲು ಬೇರೆ ಯಾರಿದ್ದರು? ಅವಳು ಆ ತೋಳಕ್ಕೂ ಹೆಸರಿಟ್ಟು, ಅದಕ್ಕೂ ಒಂದು ಮನೆ ಕಟ್ಟಿ, ನಮ್ಮ ಯುದ್ಧಕ್ಕಿಂತ ದೊಡ್ಡ ಕಥೆ ನಡೆಸಿದ್ದಳು. ಆದರೆ ಅವಳಿಗೆ ಅವತ್ತು ಸ್ಕಾರ್ಲೆಟ್ ಅನ್ನುವವಳೊಬ್ಬಳು ಇದ್ದಾಳೆ ಅಂತಲೇ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ.

ಅವಳಿಗೆ ಆ 21ನೇ ಸಂಚಿಕೆಯನ್ನು ನಾನು ಫೋನಿನಲ್ಲಿ ತೋರಿಸಿದೆ. ಎಲ್ಲರೂ ಅದನ್ನು ಸ್ನೇಕ್ ಐಸ್ ಸ್ಕಾರ್ಲೆಟ್‌ಳನ್ನು ಬಿಡಿಸಿದ ಕಥೆ ಅಂತಲೇ ಹೇಳುತ್ತಾರೆ. ಪುಟ ತಿರುವಿ ನೋಡಿದರೆ ಅದು ಹಾಗಿಲ್ಲ. ಅವನು ಗೋಡೆ ಹತ್ತಿ ಬರುವಷ್ಟರಲ್ಲಿ ಅವಳು ತಾನೇ ಕೈಕೋಳ ಬಿಡಿಸಿಕೊಂಡು, ಕಾವಲಿನವರನ್ನು ಹೊಡೆದು, ಸೆರೆಮನೆಯಿಂದ ಹೊರಗೆ ಬಂದಿರುತ್ತಾಳೆ. ಅವನು ಸಿಗುವುದು ಅವಳಿಗೆ ದಾರಿಯಲ್ಲಿ. ತಂಗಿ ಆ ಪುಟಗಳನ್ನು ಎರಡೆರಡು ಸಲ ಹಿಂದೆ ಮುಂದೆ ಮಾಡಿ ನೋಡಿದಳು. ಆಮೇಲೆ ತನ್ನ ಮಗಳನ್ನು ಕರೆದು ಫೋನು ಅವಳ ಕೈಗೆ ಕೊಟ್ಟಳು.